ಸಿಮೆಂಟ್ ಕೊಟ್ಟಿಗೆಯಲ್ಲಿ ಕುಂಟುವ ಹಸು, ಮೇಕೆ: ಗೊರಸು ಸವರುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಳಲ್ಕೆರೆ, ಜಗಳೂರು, ದಾವಣಗೆರೆ ಸುತ್ತಿನ ಹಳ್ಳಿಗಳಲ್ಲಿ ಹಸುಗಳ ಗೊರಸು ಸವರುವ ಕೆಲಸ ಮಾಡುತ್ತೇನೆ. ಹೋದ ಕಡೆಯಲ್ಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನು ಡಾಕ್ಟರಲ್ಲ. ಎಲ್ಲಿ ಡಾಕ್ಟರ್ ಬೇಕೋ ಅಲ್ಲಿ ಹಾಗಂತಲೇ ಹೇಳಿದ್ದೇನೆ.

ನಮ್ಮಪ್ಪನ ಕಾಲದಲ್ಲಿ ಯಾರೂ ಆಕಳಿಗೆ ಗೊರಸು ಸವರುತ್ತಿರಲಿಲ್ಲ. ಈಗ್ಯಾಕೆ ಬೇಕು?

ನಿಮ್ಮಪ್ಪನ ಆಕಳು ಬೆಳಿಗ್ಗೆ ಕಾವಲಿಗೆ ಹೋಗಿ ಸಂಜೆ ಬರುತ್ತಿತ್ತು. ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ, ನಡೆದಾಟದಲ್ಲಿ ಹೆಚ್ಚುಕಡಿಮೆ ಅಷ್ಟೇ ಸವೆಯುತ್ತಿತ್ತು. ಮಣ್ಣಿನಲ್ಲಿ ಗೊರಸು ಒಂದಿಷ್ಟು ಹೂತುಕೊಳ್ಳುವುದರಿಂದ ಭಾರವೂ ಪಾದಕ್ಕೆಲ್ಲ ಹಂಚಿಹೋಗುತ್ತಿತ್ತು. ಈಗಿನ ಎಚ್ಚೆಫ್ ಹಸು ಸಿಮೆಂಟಿನ ಮೇಲೆ ಒಂದೇ ಗೂಟಕ್ಕೆ ಕಟ್ಟಿ ನಿಂತಿರುತ್ತದೆ. ನಡೆಯುವುದಿಲ್ಲವಾದ್ದರಿಂದ ಗೊರಸಿನ ತುದಿ ಸವೆಯದೆ ಮುಂದಕ್ಕೆ ಉದ್ದವಾಗುತ್ತದೆ. ತುದಿ ಉದ್ದವಾದಷ್ಟೂ ಪಾದ ಹಿಂದಕ್ಕೆ ವಾಲಿ ಭಾರ ಹಿಮ್ಮಡಿಯ ಮೇಲೆ ಬೀಳುತ್ತದೆ. ಹಿಮ್ಮಡಿಯೋ ಸಗಣಿ, ಗಂಜಲದಲ್ಲಿ ನೆನೆದು ಮೆತ್ತಗಾಗಿರುತ್ತದೆ.

ಅಮೃತ್ ಮಹಲ್, ಹಳ್ಳಿಕಾರ್ ದನಗಳ ಗೊರಸು ಗಟ್ಟಿ, ಮೈಭಾರವೂ ಕಡಿಮೆ. ಅವು ಅಡ್ಡಾಡಿಕೊಂಡಿದ್ದರೆ ನನ್ನನ್ನು ಕರೆಯುವ ಅಗತ್ಯವೇ ಇಲ್ಲ.

ಯಾವಾಗ ನೋಡಿದರೂ ಹಿಂಗಾಲಿನ ಹೊರಗಿನ ಗೊರಸೇ ಯಾಕೆ ಕೆಡುತ್ತದೆ?

ಇದೊಂದು ಅರ್ಥವಾದರೆ ಸವರುವ ಕೆಲಸದ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಒಂದು ಪಾದದಲ್ಲಿ ಎರಡು ಗೊರಸು, ಒಳಗಿನದು ಮತ್ತು ಹೊರಗಿನದು. ಹಸು ನಡೆಯುವಾಗ ಸೊಂಟ ಆ ಕಡೆ ಈ ಕಡೆ ತೂಗುತ್ತದೆ. ಗಟ್ಟಿ ನೆಲದಲ್ಲಿ ಆ ತೂಗಾಟದ ಪೆಟ್ಟನ್ನು ಹೆಚ್ಚಾಗಿ ತಿನ್ನುವುದು ಹೊರಗೊರಸು. ಹೆಚ್ಚು ಪೆಟ್ಟು ಬಿದ್ದ ಕಡೆ ಗೊರಸು ಹೆಚ್ಚು ಬೆಳೆಯುತ್ತದೆ, ಬೆಳೆದು ಒಳಗಿನದಕ್ಕಿಂತ ಎತ್ತರವಾಗುತ್ತದೆ, ಎತ್ತರವಾದ್ದರಿಂದ ಇನ್ನೂ ಹೆಚ್ಚು ಭಾರ ಹೊರುತ್ತದೆ. ಹೀಗೆ ಸುತ್ತುತ್ತಾ ಸುತ್ತುತ್ತಾ ಒಂದು ದಿನ ಒಳಗಿನ ಎಲುಬು ಮತ್ತು ಕೆಳಗಿನ ಅಂಗಾಲಿನ ನಡುವೆ ಹಸಿ ಮಾಂಸ ಜಜ್ಜಿಹೋಗುತ್ತದೆ. ಅಂಗಾಲು ಮುಗಿದು ಹಿಮ್ಮಡಿ ಶುರುವಾಗುವ ಜಾಗದಲ್ಲೇ ಹುಣ್ಣು ಏಳುವುದು, ಏಕೆಂದರೆ ಎಲುಬಿನ ಹಿಂದಿನ ಅಂಚು ಒತ್ತುವುದು ಅಲ್ಲಿಗೇ.

ಎಲುಬಿನ ಕೆಳಗೆ ಕೊಬ್ಬಿನ ಮೆತ್ತೆಯೊಂದು ಇರುತ್ತದೆ. ಕರು ಹಾಕಿದ ಮೇಲೆ ಹಸು ಇಳಿದುಹೋದರೆ ಆ ಮೆತ್ತೆಯೂ ತೆಳ್ಳಗಾಗುತ್ತದೆ. ಬಡಕಲು ಹಸುಗಳಿಗೆ ಈ ಹುಣ್ಣು ಹೆಚ್ಚಾಗಲು ಇದೊಂದು ಕಾರಣ.

ಮುಂಗಾಲಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಒಳಗೊರಸು ದೊಡ್ಡದಾಗುತ್ತದೆ.

ಕುಂಟುವುದಕ್ಕೆ ಮೊದಲೇ ಗೊತ್ತಾಗುವುದಿಲ್ಲವೇ?

ಗೊತ್ತಾಗುತ್ತದೆ, ಆದರೆ ಹಾಲು ಕರೆಯುವ ಹೊತ್ತಿನಲ್ಲಿ ಯಾರೂ ಹಿಂದೆ ನಿಂತು ನೋಡುವುದಿಲ್ಲ. ಹಸುವಿನ ಹಿಂದೆ ನಾಲ್ಕು ಮಾರು ದೂರ ನಿಂತು ನೋಡಿ. ಹಿಂಗಾಲಿನ ಪಾದಗಳು ಹೊರಕ್ಕೆ ತಿರುಗಿ, ಮೇಲಿನ ಕೀಲುಗಳು ಒಂದಕ್ಕೊಂದು ಹತ್ತಿರ ಬಂದಿದ್ದರೆ ಹೊರಗೊರಸು ಎತ್ತರವಾಗಿದೆ, ಹಸು ಅದನ್ನು ತಪ್ಪಿಸಲು ನೋಡುತ್ತಿದೆ ಎಂದರ್ಥ. ನಂತರ ಹಗ್ಗ ಬಿಚ್ಚಿ ಇಪ್ಪತ್ತು ಹೆಜ್ಜೆ ನಡೆಸಿ. ನಿಂತಾಗ ನೆಟ್ಟಗಿದ್ದ ಬೆನ್ನು ನಡೆಯುವಾಗ ಬಿಲ್ಲಿನಂತೆ ಬಾಗಿದರೆ ಅದು ಮೊದಲ ಹಂತದ ಕುಂಟು. ಗಂಜಲದ ಚರಂಡಿಯ ಅಂಚಿಗೆ ಗೊರಸಿನ ತುದಿ ಊರಿ, ಹಿಮ್ಮಡಿಯನ್ನು ಗಾಳಿಯಲ್ಲಿ ಬಿಟ್ಟು ನಿಲ್ಲುವ ಹಸುವನ್ನೂ ಗಮನಿಸಿ. “ಅದಕ್ಕೆ ಹಂಗೇ ನಿಲ್ಲೋ ಅಭ್ಯಾಸ” ಎನ್ನುತ್ತಾರೆ. ಅಭ್ಯಾಸವಲ್ಲ, ಹಿಮ್ಮಡಿ ನೋವು.

ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಕಾಲೂರುತ್ತಿಲ್ಲ. ಏನಾಗಿರಬಹುದು?

ಅಂಗಾಲಿನ ಹುಣ್ಣಾದರೆ ಅದು ನಿನ್ನೆಯದಲ್ಲ. ಒಳಗೆ ಮಾಂಸ ಜಜ್ಜಿ ರಕ್ತ ಕಟ್ಟಿದ ಗುರುತು, ಗೊರಸು ಬೆಳೆದಂತೆ ಕೆಳಗಿಳಿದು ಹೊರಗೆ ಕಾಣಲು ಎರಡು ಮೂರು ತಿಂಗಳು ಬೇಕು. ಹೀಗಾಗಿ ಕಾರ್ತೀಕದಲ್ಲಿ ಕುಂಟಿದ ಹಸುವಿಗೆ ಶ್ರಾವಣದಲ್ಲಿ ಏನಾಗಿತ್ತು ಎಂದು ನಾನು ಕೇಳುತ್ತೇನೆ. ಬಹಳ ಸಲ ಬರುವ ಉತ್ತರ: “ಆಗ ಕರು ಹಾಕಿತ್ತು.”

ನಿಜವಾಗಿಯೂ ರಾತ್ರಿ ಬೆಳಗಾಗುವುದರಲ್ಲಿ ಬರುವ ಕುಂಟು ಬೇರೆ ಥರದ್ದು. ಎರಡೂ ಗೊರಸಿನ ಮೇಲ್ಭಾಗ ಸಮನಾಗಿ ಊದಿ, ಸಂದಿಯಲ್ಲಿ ಕೆಟ್ಟ ವಾಸನೆ, ಜ್ವರ ಇದ್ದರೆ ಗೊರಸು ಸಂದಿಯ ಕೊಳೆ. ಅದಕ್ಕೆ ಡಾಕ್ಟರ ಇಂಜೆಕ್ಷನ್ ಬೇಕು, ಚಾಕು ಬೇಡ. ಬಾಯಲ್ಲಿ ಜೊಲ್ಲು, ಗುಳ್ಳೆ, ಒಂದಕ್ಕಿಂತ ಹೆಚ್ಚು ಕಾಲಿನಲ್ಲಿ ನೋವು, ಪಕ್ಕದ ಹಸುವಿಗೂ ಅದೇ ಇದ್ದರೆ ಕಾಲುಬಾಯಿ ಜ್ವರ. ಅಂಥ ಕೊಟ್ಟಿಗೆಗೆ ನನ್ನನ್ನು ಕರೆಯಲೇಬೇಡಿ, ನನ್ನ ಚಾಕುವಿನ ಜತೆ ರೋಗ ಮುಂದಿನ ಊರಿಗೆ ಹೋಗುತ್ತದೆ. ಎಳೆಯ ದನಕ್ಕೆ ತೊಡೆ ಊದಿ, ಒತ್ತಿದರೆ ಚರಚರ ಸದ್ದಾದರೆ ಚಪ್ಪೆ ರೋಗ. ಒಂದು ಗಂಟೆಯೂ ಕಾಯದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಎತ್ತಿಗೆ ಲಾಳ ಹಾಕುವವರ ಹತ್ತಿರವೇ ಸವರಿಸಬಹುದೇ?

ಅವರ ಕೈಗೆ ಇರುವ ಹದ ನನಗೆ ಇಂದಿಗೂ ಬಂದಿಲ್ಲ. ಆದರೆ ಉದ್ದೇಶ ಬೇರೆ. ಲಾಳ ಕೂರಿಸಲು ಅಂಗಾಲು ತಟ್ಟೆಯಂತೆ ಸಪಾಟಾಗಬೇಕು, ಹಾಗಾಗಿ ತುದಿಯಿಂದ ಹಿಮ್ಮಡಿವರೆಗೆ ಒಂದೇ ಸಮ ಕೆತ್ತುತ್ತಾರೆ. ಲಾಳ ಬಿದ್ದ ಮೇಲೆ ಭಾರ ಹೊರುವುದು ಕಬ್ಬಿಣ. ಹಾಲಿನ ಹಸುವಿಗೆ ಲಾಳ ಇಲ್ಲ, ತೆಳ್ಳಗೆ ಕೆತ್ತಿದ ಅಂಗಾಲೇ ಸಿಮೆಂಟಿನ ಮೇಲೆ ನಿಲ್ಲಬೇಕು. ಇನ್ನೊಂದು, ಅವರು ಹಗ್ಗ ಹಾಕಿ ಕೆಡವುತ್ತಾರೆ. ಗಬ್ಬದ ಹಸುವನ್ನಾಗಲಿ ಹೊಟ್ಟೆ ತುಂಬ ಮೇವು ತಿಂದ ಹಸುವನ್ನಾಗಲಿ ಕೆಡವಬಾರದು. ಪಶು ಆಸ್ಪತ್ರೆಯ ಕಬ್ಬಿಣದ ಟ್ರೆವಿಸ್‌ನಲ್ಲಿ ನಿಲ್ಲಿಸಿ, ಹಿಂಗಾಲಿನ ಕೀಲಿನ ಮೇಲೆ ಅಗಲ ಪಟ್ಟಿ ಹಾಕಿ ಎತ್ತಿ ಕಟ್ಟಿದರೆ ನಿಂತಂತೆಯೇ ಕೆಲಸ ಆಗುತ್ತದೆ.

ಎಷ್ಟು ಸವರಬೇಕು? ಅಳತೆ ಏನು?

ನನ್ನ ಜೇಬಿನಲ್ಲಿ 7.5 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರು ಇಂಚಿನ ಬಿದಿರು ಕಡ್ಡಿ ಇರುತ್ತದೆ. ಇದು ದೊಡ್ಡ ಎಚ್ಚೆಫ್ ಮಿಶ್ರತಳಿಯ ಅಳತೆ. ಜರ್ಸಿ, ನಾಟಿ ಹಸುವಿನ ಚಿಕ್ಕ ಪಾದಕ್ಕೆ ಇದನ್ನೇ ಹಿಡಿದುಕೊಂಡು ಹೋಗಬೇಡಿ.

ಹಿಂಗಾಲಿನಲ್ಲಿ ಮೊದಲು ಮುಟ್ಟುವುದು ಒಳಗೊರಸನ್ನು, ಅಂದರೆ ಕೆಡದೆ ಇರುವುದನ್ನು. ಕೂದಲು ಮುಗಿದು ಗೊರಸು ಗಟ್ಟಿಯಾಗುವ ಗೆರೆಯಿಂದ ಮುಂಭಾಗದಲ್ಲಿ ಕಡ್ಡಿ ಇಟ್ಟು, ಅದಕ್ಕಿಂತ ಮುಂದಕ್ಕೆ ಬಂದಿರುವ ತುದಿಯನ್ನು ಇಕ್ಕಳದಲ್ಲಿ ನೇರ ಕತ್ತರಿಸಬೇಕು. ಈಗ ತುದಿ ಮೊಂಡಾಗಿ, ಅಂಗಾಲು ಎಷ್ಟು ದಪ್ಪ ಇದೆಯೆಂದು ಕತ್ತರಿಸಿದ ಮುಖದಲ್ಲೇ ಕಾಣುತ್ತದೆ. ಆಮೇಲೆ ಬಾಗು ಚಾಕುವಿನಿಂದ ಅಂಗಾಲನ್ನು ತುದಿಯ ಕಡೆ ಇಳಿಸುತ್ತಾ ಬರಬೇಕು. ತುದಿಯಲ್ಲಿ ಕನಿಷ್ಠ ಅರ್ಧ ಸೆಂಟಿಮೀಟರ್ ದಪ್ಪ ಉಳಿಯಲೇಬೇಕು. ಒಳಗೊರಸಿನ ಹಿಮ್ಮಡಿಗೆ ಚಾಕು ತಾಗಿಸಬೇಡಿ, ಇನ್ನು ಮುಂದೆ ಭಾರ ಹೊರಬೇಕಾದ್ದು ಅದೇ.

ಎರಡನೆಯದಾಗಿ ಹೊರಗೊರಸನ್ನು ಒಳಗೊರಸಿನ ಉದ್ದಕ್ಕೆ, ಎತ್ತರಕ್ಕೆ ಇಳಿಸುವುದು. ಎರಡರ ಮೇಲೂ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟರೆ ಅಲುಗಬಾರದು. ಹೊರಗೊರಸು ಮೊದಲೇ ತೆಳ್ಳಗಿದ್ದರೆ ಸಮ ಮಾಡುವ ಹಠ ಬಿಡಿ.

ಕೊನೆಗೆ ಎರಡೂ ಗೊರಸಿನ ಒಳ ಅಂಚಿನ ನಡುಭಾಗವನ್ನು ಚಮಚದ ಹೊಟ್ಟೆಯಂತೆ ಸ್ವಲ್ಪ ತೋಡಬೇಕು. ಸಗಣಿ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಹುಣ್ಣೇಳುವ ಜಾಗದ ಮೇಲೆ ಭಾರವೂ ಬೀಳುವುದಿಲ್ಲ. ತುದಿಯ ಹತ್ತಿರದ ಒಳಗೋಡೆಯನ್ನು ಮಾತ್ರ ತೋಡಬಾರದು.

ಮುಂಗಾಲಲ್ಲಿ ಹೊರಗೊರಸಿನಿಂದ ಶುರು.

ಹೆಚ್ಚು ಸವರಿದರೆ ಏನಾಗುತ್ತದೆ?

ನನ್ನ ಮೊದಲ ವರ್ಷ ಒಂದು ಹಸುವಿಗೆ ಕಡ್ಡಿ ಅಳತೆ ಇಡದೆ ಕಣ್ಣಂದಾಜಿನಲ್ಲಿ ಕತ್ತರಿಸಿದೆ. ಅಂಗಾಲು ಬೆಳ್ಳಗೆ ಹೊಳೆಯುವಂತೆ ಆಗಿತ್ತು, ಮನೆಯವರಿಗೂ ಬಹಳ ಖುಷಿ. ಹತ್ತು ದಿನಕ್ಕೆ ಫೋನ್ ಬಂತು. ತುದಿಯಲ್ಲಿ ಕೀವು ತುಂಬಿ ಹಸು ಮೂರು ಕಾಲಿನಲ್ಲಿ ನಿಂತಿತ್ತು. ತಪ್ಪು ಪೂರ್ತಿ ನನ್ನದೇ.

ಅಂದಿನಿಂದ ನಾಲ್ಕು ಸಲ ಕೆತ್ತಿದರೆ ಒಂದು ಸಲ ಹೆಬ್ಬೆರಳಿನಿಂದ ಅಂಗಾಲು ಒತ್ತುತ್ತೇನೆ. ಸ್ವಲ್ಪ ತಗ್ಗಿದಂತೆ ಅನಿಸಿದರೂ ಅಲ್ಲಿಗೆ ನಿಲ್ಲಿಸುವುದು. ಗುಲಾಬಿ ಬಣ್ಣ ಕಂಡಿತೆಂದರೆ ಆಗಲೇ ತಡವಾಗಿದೆ. ಹೊಸ ಸಿಮೆಂಟಿನ ಕೊಟ್ಟಿಗೆಯಲ್ಲಿ ಬಿಚ್ಚಿ ಬಿಟ್ಟ ಹಸುಗಳ ಅಂಗಾಲು ಮೊದಲೇ ಸವೆದಿರುತ್ತದೆ, ಅವುಗಳಿಗೆ ಬಹಳ ಸಲ ಸವರುವುದೇ ಬೇಕಾಗುವುದಿಲ್ಲ.

ಹುಣ್ಣು ಆಗಿಯೇ ಬಿಟ್ಟಿದ್ದರೆ?

ಒಂದು ಹಸುವಿನ ಕತೆಯನ್ನೇ ಹೇಳುತ್ತೇನೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಮನೆ, ಎರಡನೇ ಕರುವಿನ ಎಚ್ಚೆಫ್. ಕರು ಹಾಕಿ 75 ದಿನ. ದಿನಕ್ಕೆ 14 ಲೀಟರ್ ಇದ್ದದ್ದು 9ಕ್ಕೆ ಇಳಿದಿತ್ತು. ಎಡ ಹಿಂಗಾಲು ಊರಿದ ಕೂಡಲೇ ಎತ್ತುತ್ತಿತ್ತು. ಮನೆಯವರು “ಸೊಂಟ ಹಿಡಿದಿದೆ” ಎಂದು ಎರಡು ವಾರ ಎಣ್ಣೆ ತಿಕ್ಕಿದ್ದರು. ಹಸು ಹಿಂದೆ ಕುಂಟಿದಾಗ ಎಲ್ಲರ ಕಣ್ಣೂ ಸೊಂಟಕ್ಕೇ ಹೋಗುತ್ತದೆ, ಆದರೆ ಹಾಲಿನ ಹಸುವಿನ ಕುಂಟು ಬಹುಪಾಲು ಪಾದದಲ್ಲೇ ಇರುತ್ತದೆ.

ಕಾಲು ಎತ್ತಿ ತೊಳೆದಾಗ ಏನೂ ಕಾಣಲಿಲ್ಲ. ಒಳಗೊರಸು 9 ಸೆಂಟಿಮೀಟರ್ ಉದ್ದ, ಹೊರಗಿನದು ಅದಕ್ಕಿಂತ ಬೆರಳು ದಪ್ಪ ಎತ್ತರ. ಒಳಗೊರಸಿನ ತುದಿಯಿಂದ ಒಂದೂವರೆ ಸೆಂಟಿಮೀಟರ್ ತೆಗೆದೆ, ಅಂದರೆ ಮೂರು ತಿಂಗಳ ಬೆಳವಣಿಗೆ. ಹೊರಗೊರಸನ್ನು ಇಳಿಸುತ್ತಾ ಬಂದಂತೆ ಹಿಮ್ಮಡಿಯ ಹತ್ತಿರ ಕಂದುಗೆಂಪು ಕಲೆ ಕಾಣಿಸಿತು. ಹೆಬ್ಬೆರಳಿಟ್ಟರೆ ಕಾಲು ಕಿತ್ತುಕೊಂಡಿತು. ಇನ್ನೆರಡು ಪದರ ತೆಗೆದಾಗ ಒಂದು ರೂಪಾಯಿ ನಾಣ್ಯದಗಲ ಗೊರಸೇ ಇಲ್ಲ, ಕೆಂಪು ಮಾಂಸ ಉಬ್ಬಿ ನಿಂತಿತ್ತು.

ಅಲ್ಲಿಗೆ ಡಾಕ್ಟರನ್ನು ಕರೆಸಿದೆವು. ಮಾಡಿದ್ದು ಇಷ್ಟೇ: ಹುಣ್ಣಿನ ಸುತ್ತ ಸಡಿಲವಾಗಿ ಎದ್ದಿದ್ದ ಗೊರಸನ್ನು ಅಂಚಿನವರೆಗೆ ತೆಳ್ಳಗೆ ತೆಗೆದದ್ದು, ಹೊರಗೊರಸಿನ ಹಿಮ್ಮಡಿಯನ್ನು ಇನ್ನಷ್ಟು ಇಳಿಸಿದ್ದು, ಒಳಗೊರಸಿನ ಅಡಿಗೆ ಸುಮಾರು ಒಂದಿಂಚು ದಪ್ಪದ ಮರದ ತುಂಡನ್ನು ಗೊರಸಿಗೆಂದೇ ಸಿಗುವ ಅಂಟಿನಿಂದ ಅಂಟಿಸಿದ್ದು. ಚಪ್ಪಲಿ ಹಾಕಿದಂತೆ. ಹುಣ್ಣಾದ ಗೊರಸು ನೆಲಕ್ಕೆ ತಾಗದೆ ಗಾಳಿಯಲ್ಲಿ ನಿಂತಿತು. ಹಸು ಟ್ರೆವಿಸ್‌ನಿಂದ ಇಳಿದು ನಡೆದದ್ದನ್ನು ನೋಡಿ ಮನೆಯ ಅಜ್ಜಿ “ಇಷ್ಟು ದಿನ ಯಾಕಪ್ಪಾ ಬರಲಿಲ್ಲ” ಎಂದು ನನ್ನನ್ನೇ ಬೈದರು.

ಡಾಕ್ಟರು ನೋವಿಗೆ ಮೆಲಾಕ್ಸಿಕ್ಯಾಮ್ ಕೊಟ್ಟರು. ಊತ, ಕೀವು ಇರಲಿಲ್ಲವಾದ್ದರಿಂದ ಆ್ಯಂಟಿಬಯಾಟಿಕ್ ಬೇಡವೆಂದರು. (ಹಳೆಯ ಡೈಕ್ಲೋಫಿನ್ಯಾಕ್ ಸೂಜಿ ಯಾರಾದರೂ ಹಾಕಲು ಬಂದರೆ ಬೇಡವೆನ್ನಿ. ರಣಹದ್ದುಗಳು ಸಾಯುತ್ತವೆಂದು 2006ರಲ್ಲೇ ದನಗಳಿಗೆ ಅದನ್ನು ನಿಲ್ಲಿಸಿದ್ದಾರೆ.) ಹಸುವನ್ನು ಸಿಮೆಂಟಿನಿಂದ ತೆಗೆದು ಹಿತ್ತಲ ಮಣ್ಣಿನ ಮೇಲೆ ರಾಗಿ ಹುಲ್ಲು ಹಾಸಿ ಕಟ್ಟಿದರು. ಐದನೇ ವಾರ ತುಂಡು ತೆಗೆದೆ. ಅದು ತಾನಾಗಿ ಬೀಳಲಿ ಎಂದು ತಿಂಗಳುಗಟ್ಟಲೆ ಬಿಡಬಾರದು, ಸವೆದು ವಾರೆಯಾದ ತುಂಡು ಒಳ್ಳೆಯ ಗೊರಸನ್ನೂ ಕೆಡಿಸುತ್ತದೆ. ಎರಡು ತಿಂಗಳಿಗೆ ಹೊಸ ಗೊರಸು ಮುಚ್ಚಿತು. ಹಾಲು 12ಕ್ಕೆ ಏರಿತು, 14 ಮತ್ತೆ ಆ ಸೂಲಿನಲ್ಲಿ ಬರಲಿಲ್ಲ.

ಹುಣ್ಣಿಗೆ ಮೈಲುತುತ್ತ ತುಂಬಿ ಬಟ್ಟೆ ಕಟ್ಟಿದರೆ ಬೇಗ ಒಣಗುತ್ತದಲ್ಲ?

ಅಡಿಕೆ ತೋಟದವರ ಮನೆಯಲ್ಲಿ ಬೋರ್ಡೊಗೆ ತಂದ ಮೈಲುತುತ್ತ ಇದ್ದೇ ಇರುತ್ತದೆ, ಹಾಗಾಗಿ ಚನ್ನಗಿರಿ ಕಡೆ ಈ ಪ್ರಶ್ನೆ ಹೆಚ್ಚು. ಹಸಿ ಮಾಂಸಕ್ಕೆ ಹಾಕಿದರೆ ಸುಡುತ್ತದೆ, ಮೇಲೆ ಕರಿ ಹೊಪ್ಪಳೆ ಕಟ್ಟಿ ಒಣಗಿದಂತೆ ಕಾಣುತ್ತದೆ, ಒಳಗೆ ಹೊಸ ಗೊರಸು ಬೆಳೆಯಬೇಕಾದ ಪದರವೇ ಸತ್ತಿರುತ್ತದೆ. ಸುಣ್ಣ, ಬ್ಯಾಟರಿ ಆ್ಯಸಿಡ್, ಕಾದ ಕಬ್ಬಿಣ, ಎಲ್ಲಕ್ಕೂ ಇದೇ ಉತ್ತರ. ಬಿಗಿಯಾಗಿ ಕಟ್ಟಿದ ಬಟ್ಟೆ ಗಂಜಲ ಹೀರಿಕೊಂಡು ಹುಣ್ಣಿನ ಮೇಲೇ ಕೂರುತ್ತದೆ.

ಮೈಲುತುತ್ತದ ಕೆಲಸ ಬೇರೆ. ಹಿಮ್ಮಡಿಯ ಮೇಲಿನ ಚರ್ಮದಲ್ಲಿ, ಗೊರಸಿನ ಸಂದಿಯಲ್ಲಿ ಬರುವ ಅಂಟುಜಾಡ್ಯ ಹರಡದಂತೆ ಕಾಲು ಅದ್ದಿಸಲು 20 ಲೀಟರ್ ನೀರಿಗೆ 1 ಕೆಜಿ ಲೆಕ್ಕದಲ್ಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಕರಗಿಸಿ. ಕಾಲು ತೊಳೆದು ಅದ್ದಿಸಿ, ಸಗಣಿ ಬೆರೆತರೆ ಅದರ ಶಕ್ತಿ ಹೋಗುತ್ತದೆ. ದನ, ಮುಖ್ಯವಾಗಿ ಕುರಿ, ಬಾಯಿ ಹಾಕದಂತೆ ನೋಡಿಕೊಳ್ಳಿ, ತಾಮ್ರ ಕುರಿಗೆ ವಿಷ. ಉಳಿದ ನೀರನ್ನು ಬಾವಿ, ಹಳ್ಳದ ಕಡೆ ಚೆಲ್ಲಬೇಡಿ.

ಮೆಕ್ಕೆಜೋಳದ ಹಿಟ್ಟಿಗೂ ಕಾಲಿಗೂ ಏನು ಸಂಬಂಧ?

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಮನೆಯಲ್ಲೇ ಇರುತ್ತದೆ. ಕರು ಹಾಕಿದ ಮಾರನೆಯ ದಿನದಿಂದ ಹಾಲು ಹೆಚ್ಚಲಿ ಎಂದು ಸೇರುಗಟ್ಟಲೆ ಹಿಟ್ಟು ಕಲಸಿ ಇಡುತ್ತಾರೆ. ಹೊಟ್ಟೆಯಲ್ಲಿ ಅದು ಹುಳಿಯಾಗಿ, ಗೊರಸಿನೊಳಗಿನ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟು ಬಿದ್ದು ಎಲುಬು ಹಿಡಿದಿರುವ ಪದರ ಸಡಿಲವಾಗುತ್ತದೆ. ಈಯುವ ಹೊತ್ತಿನಲ್ಲಿ ಆ ಹಿಡಿತ ಹೇಗೂ ಸಡಿಲವಾಗಿರುತ್ತದೆ, ಎರಡೂ ಸೇರಿದರೆ ಎಲುಬು ಕೆಳಗಿಳಿದು ಒತ್ತುತ್ತದೆ. ಸಗಣಿ ತೆಳ್ಳಗೆ, ನೊರೆನೊರೆ, ಜೋಳದ ನುಚ್ಚು ಹಾಗೇ ಕಂಡರೆ ಹಿಟ್ಟು ಜಾಸ್ತಿಯಾಗಿದೆ. ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ, ದಿನದ ಪಾಲನ್ನು ಮೂರು ಹೊತ್ತಿಗೆ ಹಂಚಿ, ಮೊದಲು ಒಣಮೇವು, ಆಮೇಲೆ ಹಿಟ್ಟು. ಮೇಲೆ ಹೇಳಿದ ಹಸುವಿಗೂ ಕರು ಹಾಕಿದ ವಾರದಲ್ಲೇ 2 ಕೆಜಿಯಿಂದ 5 ಕೆಜಿಗೆ ಏರಿಸಿದ್ದರಂತೆ.

ನೆಲ ಒಡೆಸಿ ಮಣ್ಣು ಹಾಕಿಸಬೇಕೇ?

ಬೇಡ. ಹಸು ದಿನದಲ್ಲಿ ಸುಮಾರು 12 ಗಂಟೆ ಮಲಗಬೇಕು, ಮಲಗಿದಷ್ಟು ಹೊತ್ತು ಗೊರಸಿಗೆ ಬಿಡುವು. ಬರೀ ಸಿಮೆಂಟಿನ ಮೇಲೆ ಮಲಗಲು ಅದಕ್ಕೆ ಮನಸ್ಸಾಗುವುದಿಲ್ಲ. ಮಲಗುವ ಜಾಗಕ್ಕೆ ರಬ್ಬರ್ ಮ್ಯಾಟ್ ಹಾಕಿ, ಆಗದಿದ್ದರೆ ಒಣ ಶೇಂಗಾ ಹೊಟ್ಟು, ಮೆಕ್ಕೆಜೋಳದ ರವದಿ ದಪ್ಪಗೆ ಹಾಸಿ ದಿನಾ ಒದ್ದೆಯಾದಷ್ಟು ತೆಗೆಯಿರಿ. ಹಿತ್ತಲಿದ್ದರೆ ದಿನಕ್ಕೆ ನಾಲ್ಕು ಗಂಟೆ ಮಣ್ಣಿನ ಮೇಲೆ ಬಿಡುವುದು ಮ್ಯಾಟಿಗಿಂತ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೊಸ ಸಿಮೆಂಟ್ ಹಾಕಿಸಿದ್ದರೆ ಹಸು ಕಟ್ಟುವ ಮೊದಲು ಹಲವು ಸಲ ತೊಳೆದು, ಭಾರದ ಕಲ್ಲನ್ನು ಅದರ ಮೇಲೆ ಎಳೆದಾಡಿ ಚೂಪು ಹರಳುಗಳನ್ನು ಮುರಿಯಿರಿ.

ಮೇಕೆಗೂ ಇದೇ ಅಳತೆಯೇ?

ಇಲ್ಲ, ಮೇಕೆಗೆ ಕಡ್ಡಿ ಬೇಡ. ದುರ್ಗದ ಗುಡ್ಡಗಳಲ್ಲಿ ಮೇಯುವ ಮೇಕೆಯ ಗೊರಸನ್ನು ಬಂಡೆಯೇ ಸವರುತ್ತದೆ. ಅಟ್ಟಣಿಗೆಯಲ್ಲೋ ಸಿಮೆಂಟಿನಲ್ಲೋ ಕಟ್ಟಿ ಸಾಕಿದ ಮೇಕೆಗೆ ಆರರಿಂದ ಎಂಟು ವಾರಕ್ಕೊಮ್ಮೆ ಸವರಬೇಕು. ದಾಳಿಂಬೆ ಸವರುವ ಕತ್ತರಿ ಇದಕ್ಕೆ ಹೇಳಿ ಮಾಡಿಸಿದಂತಿದೆ; ಹೊಸದುರ್ಗ, ಹಿರಿಯೂರು ಕಡೆ ಮನೆಯಲ್ಲೇ ಇರುತ್ತದೆ. ಗಿಡಕ್ಕೆ ಬಳಸಿದ್ದನ್ನು ತೊಳೆಯದೆ ತರಬೇಡಿ, ಒಂದು ಮೇಕೆಯಿಂದ ಇನ್ನೊಂದಕ್ಕೆ ಹೋಗುವಾಗಲೂ ತೊಳೆಯಿರಿ.

ಮೇಕೆಯಲ್ಲಿ ಕೆಡುವುದು ಗೊರಸಿನ ಹೊರಗೋಡೆ. ಅದು ಬೆಳೆದು ಅಂಗಾಲಿನ ಮೇಲೆ ಮಡಚಿಕೊಳ್ಳುತ್ತದೆ, ಮಡಿಕೆಯೊಳಗೆ ಸಗಣಿ ಕೂತು ಕೊಳೆಯುತ್ತದೆ. ಕತ್ತರಿಯ ಮೂತಿಯಿಂದ ಕೊಳೆ ಕೆದಕಿ ತೆಗೆದು, ಮಡಚಿದ ಗೋಡೆಯನ್ನು ಅಂಗಾಲಿನ ಮಟ್ಟಕ್ಕೆ ಕತ್ತರಿಸಿ, ಉದ್ದವಾದ ತುದಿ ತೆಗೆಯಿರಿ. ಕೂದಲಿನ ಗೆರೆಗೂ ಅಂಗಾಲಿಗೂ ಪಕ್ಕದಿಂದ ನೋಡಿದರೆ ಒಂದೇ ಓರೆ ಇರಬೇಕು. ಬಿಳಿ ಹೋಗಿ ನಸುಗೆಂಪು ಬಂದರೆ ಕತ್ತರಿ ಕೆಳಗಿಡಿ.

ಮುಂಗಾಲು ಮಡಚಿ ಮಂಡಿಯೂರಿ ಮೇಯುವ ಮೇಕೆಯನ್ನು ಕಂಡರೆ ಗೊರಸಿನ ಸಂದಿ ಬಿಡಿಸಿ ನೋಡಿ. ಬರೀ ಕೆಂಪಾಗಿ ಒದ್ದೆಯಿದ್ದರೆ ಒಣ ನೆಲಕ್ಕೆ ಹಾಕಿ, 10 ಲೀಟರಿಗೆ 1 ಕೆಜಿ ಜಿಂಕ್ ಸಲ್ಫೇಟ್ ಕರಗಿಸಿದ ನೀರಿನಲ್ಲಿ ಐದರಿಂದ ಹತ್ತು ನಿಮಿಷ ನಿಲ್ಲಿಸಿ. ಗೊರಸು ಒಳಗಿಂದ ಬಿಟ್ಟುಕೊಂಡು ಗಬ್ಬು ವಾಸನೆ ಹೊಡೆಯುತ್ತಿದ್ದರೆ ಅಂಟುವ ಕೊಳೆರೋಗ. ಆ ಮೇಕೆಯನ್ನು ಬೇರೆ ಕಟ್ಟಿ ಡಾಕ್ಟರಿಗೆ ತೋರಿಸಿ. ಆ ಸ್ಥಿತಿಯಲ್ಲಿ ರಕ್ತ ಬರುವಂತೆ ಕತ್ತರಿಸಿದರೆ ವಾಸಿಯಾಗುವುದು ಇನ್ನೂ ತಡ.

ವರ್ಷಕ್ಕೆ ಎಷ್ಟು ಸಲ ಸವರಿಸಬೇಕು?

ಕಟ್ಟಿ ಸಾಕಿದ ಹಸುವಿಗೆ ಎರಡು ಸಲ: ಹಾಲು ಬತ್ತಿಸುವಾಗ ಒಮ್ಮೆ, ಕರು ಹಾಕಿ ಎರಡು ಮೂರು ತಿಂಗಳಿಗೆ ಇನ್ನೊಮ್ಮೆ. ತುಂಬು ಗಬ್ಬದ ಕೊನೆಯ ತಿಂಗಳು ಬೇಡ.

ಒಮ್ಮೆ ಹುಣ್ಣಾದ ಹಸುವಿಗೆ ಮತ್ತೆ ಬರುತ್ತದೆಯೇ?

ಬರುವ ಸಂಭವ ಹೆಚ್ಚು. ಹುಣ್ಣು ಬಹಳ ದಿನ ಇದ್ದರೆ ಒಳಗಿನ ಎಲುಬಿನ ಅಂಚಿನಲ್ಲಿ ಹೊಸ ಎಲುಬು ಮೊಳೆತು ಚೂಪಾಗುತ್ತದೆ, ಮುಂದಿನ ಸೂಲಿನಲ್ಲಿ ಅದೇ ಜಾಗದಲ್ಲಿ ಒತ್ತುತ್ತದೆ. ಹೊಳಲ್ಕೆರೆಯ ಆ ಹಸುವಿಗೂ ಮೂರನೇ ಕರುವಿನ ನಂತರ ಅಲ್ಲೇ ಕಂದು ಕಲೆ ಬಂತು. ಈ ಸಲ ಮನೆಯವರು ಬೆನ್ನು ಬಾಗಿದ್ದನ್ನು ನೋಡಿ ನಾಲ್ಕೇ ದಿನಕ್ಕೆ ಕರೆದರು. ಹಿಮ್ಮಡಿ ಇಳಿಸಿದ್ದಷ್ಟೇ, ಮರದ ತುಂಡು ಬೇಕಾಗಲಿಲ್ಲ.